ತೊಂಬತ್ತು ಸೆಕೆಂಡಿನ ಪರಿಚಯದ ವಿಡಿಯೋ: ಜಗಲಿಯಲ್ಲಿ ಕೂತು ಫೋನಿನಲ್ಲೇ ಮಾಡುವ ಕ್ರಮ

ಅರ್ಜಿಯ ಜೊತೆ 90 ಸೆಕೆಂಡಿನ ಪರಿಚಯದ ವಿಡಿಯೋ ಕೇಳುವವರ ಕೈಯಲ್ಲಿ ನಿಮ್ಮ ಮಾರ್ಕು, ಕಾಲೇಜು, ಹುಟ್ಟಿದ ದಿನ ಎಲ್ಲ ಮೊದಲೇ ಇರುತ್ತದೆ. ಅದನ್ನೇ ಕ್ಯಾಮೆರಾದ ಮುಂದೆ ಇನ್ನೊಮ್ಮೆ ಒಪ್ಪಿಸಿದರೆ ಅರ್ಧ ಸಮಯ ಅದರಲ್ಲೇ ಹೋಯಿತು. ಅರ್ಜಿಯ ಕಾಗದದಲ್ಲಿ ಕಾಣದ ಒಂದು ಕೆಲಸವನ್ನು ನಿಮ್ಮ ಬಾಯಿಂದ ಕೇಳಬೇಕು, ನೀವು ಒಂದು ವಿಷಯವನ್ನು ಹೇಗೆ ಬಿಡಿಸಿ ಹೇಳುತ್ತೀರಿ ಎಂದು ನೋಡಬೇಕು ಎನ್ನುವುದಕ್ಕಾಗಿಯೇ ಅವರು ವಿಡಿಯೋ ಕೇಳುವುದು. ಹಾಗಾಗಿ ಫೋನು ಕೈಗೆತ್ತಿಕೊಳ್ಳುವ ಮೊದಲು ಪೆನ್ನು ಹಿಡಿಯಬೇಕು.

ಅದಕ್ಕೂ ಮೊದಲು ಸೂಚನೆಯ ಪುಟವನ್ನು ಮತ್ತೊಮ್ಮೆ ಓದಿ ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ. ಯಾವ ಭಾಷೆ, ಫೋನು ಅಡ್ಡವೋ ಉದ್ದವೋ, ಫೈಲು ಎಷ್ಟು ಎಂಬಿ ಮೀರಬಾರದು, ಫೈಲನ್ನೇ ಹಾಕಬೇಕೋ ಲಿಂಕ್ ಕೊಟ್ಟರೆ ಸಾಕೋ. ಅಡ್ಡ ಉದ್ದದ ಮಾತು ಇಲ್ಲದಿದ್ದರೆ ಅಡ್ಡವೇ ಇರಲಿ, ಹೆಚ್ಚಿನವರು ಕಂಪ್ಯೂಟರಿನಲ್ಲಿ ನೋಡುತ್ತಾರೆ.

ಎಷ್ಟು ಪದ ಹಿಡಿಯುತ್ತದೆ

ತಡವರಿಸದೆ, ಅಲ್ಲಲ್ಲಿ ಉಸಿರು ತೆಗೆದುಕೊಂಡು ಕನ್ನಡ ಮಾತನಾಡಿದರೆ ನಿಮಿಷಕ್ಕೆ 85ರಿಂದ 100 ಪದ ಆದೀತು. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಂಡು ಪದವೇ ಉದ್ದವಾಗುವುದರಿಂದ ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ‘ಹಾಸ್ಟೆಲಿನಲ್ಲಿದ್ದುಕೊಂಡು’ ಎಂಬುದು ಲೆಕ್ಕಕ್ಕೆ ಒಂದೇ ಪದ, ಹೇಳಲು ಬೇಕಾದ ಹೊತ್ತು ಮೂರು ಪದದ್ದು. ಕನ್ನಡದಲ್ಲಾದರೆ 115ರಿಂದ 130 ಪದ, ಇಂಗ್ಲಿಷಿನಲ್ಲಾದರೆ 190 ಪದದ ಆಸುಪಾಸು ಬರೆದುಕೊಳ್ಳಿ. ನಿಮ್ಮ ವೇಗ ಎಷ್ಟೆಂದು ಖಚಿತವಾಗಿ ತಿಳಿಯಬೇಕಾದರೆ ಬರೆದದ್ದನ್ನು ಗಟ್ಟಿಯಾಗಿ ಓದಿ, ಫೋನಿನ ಸ್ಟಾಪ್‌ವಾಚ್ ನೋಡಿ. ಮನಸ್ಸಿನಲ್ಲೇ ಓದಿದ ಲೆಕ್ಕ ನಂಬುವ ಹಾಗಿಲ್ಲ, ಅದು ಯಾವಾಗಲೂ ಕಡಿಮೆಯೇ ತೋರಿಸುತ್ತದೆ.

ಗುರಿ 90 ಅಲ್ಲ, 82ರಿಂದ 85 ಸೆಕೆಂಡು. ಮಾತು ಶುರುವಾಗುವ ಮುಂಚೆ ಒಂದು ಸೆಕೆಂಡು, ಮುಗಿದ ಮೇಲೆ ಒಂದು ಸೆಕೆಂಡು ಸುಮ್ಮನೆ ಇರಬೇಕು. ಅದಿಲ್ಲದಿದ್ದರೆ ಮೊದಲ ‘ನ’ ಕತ್ತರಿಸಿ ‘ಮಸ್ಕಾರ’ ಎಂದು ಕೇಳುತ್ತದೆ. ಕೆಲವು ಪೋರ್ಟಲುಗಳು 1:31 ಇದ್ದ ಫೈಲನ್ನು ತಾವಾಗಿಯೇ ತಿರಸ್ಕರಿಸುತ್ತವೆ, ಅಲ್ಲಿ ಯಾರನ್ನೂ ಕೇಳಿಕೊಳ್ಳಲು ಆಗುವುದಿಲ್ಲ.

ಒಂದು ಉದಾಹರಣೆ, ಪೂರ್ತಿಯಾಗಿ

ಪೆರ್ಲದ ಕಡೆಯ ಒಬ್ಬ ಹುಡುಗಿ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆ ವಿದ್ಯಾರ್ಥಿವೇತನ ಕೇಳಿ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಮೊದಲ ಸಲ ಬರೆಯುವಾಗ ಹೆಚ್ಚಿನವರ ಕೈಯಿಂದ ಬರುವುದು ಹೀಗೆ: ‘ನಾನು ಮಧ್ಯಮ ವರ್ಗದ ಕೃಷಿಕ ಕುಟುಂಬದಿಂದ ಬಂದವಳು. ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ನಾನು ಪರಿಶ್ರಮಿ, ಪ್ರಾಮಾಣಿಕಳು, ತಂಡದಲ್ಲಿ ಕೆಲಸ ಮಾಡಬಲ್ಲೆ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ ದಿನ ಅದೇ ಮಾತನ್ನು ಇನ್ನೂ ನೂರು ಜನ ಹೇಳಿರುತ್ತಾರೆ, ಕೇಳುವವರಿಗೆ ಇವಳನ್ನು ನೆನಪಿಟ್ಟುಕೊಳ್ಳಲು ಏನೂ ಸಿಗುವುದಿಲ್ಲ.

ಅವಳ ಬಳಿ ನಿಜವಾಗಿ ಇರುವುದು ಒಂದು ನೋಟು ಪುಸ್ತಕ. ಮನೆಯ ಅಡಿಕೆ ತೋಟದಲ್ಲಿ ಎರಡು ಮಳೆಗಾಲ ಕೊಳೆರೋಗದ ಲೆಕ್ಕ ಇಟ್ಟದ್ದು. ಮಾತನ್ನು ಅದರ ಮೇಲೆ ನಿಲ್ಲಿಸಿದರೆ ಹೀಗಾಗುತ್ತದೆ:

> ನಮಸ್ಕಾರ, ನಾನು ಇಂಥವಳು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವಳು. ಬಿ.ಎಸ್ಸಿ. ಸಸ್ಯಶಾಸ್ತ್ರ ಮುಗಿಸಿದ್ದೇನೆ. ಅಡಿಕೆಯ ಕೊಳೆರೋಗದ ಬಗ್ಗೆ ಕೆಲಸ ಮಾಡಬೇಕೆಂದು ಸಸ್ಯರೋಗಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದೇನೆ.
>
> ನಮ್ಮ ತೋಟದಲ್ಲಿ ಕಳೆದ ಎರಡು ಮಳೆಗಾಲ ನಲವತ್ತು ಮರಗಳಿಗೆ ನಂಬರ್ ಹಾಕಿ, ಯಾವ ದಿನ ಮದ್ದು ಬಿಟ್ಟದ್ದು, ಯಾವ ದಿನ ಎಷ್ಟು ಕಾಯಿ ಉದುರಿದ್ದು ಎಂದು ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ವರ್ಷ ಮದ್ದು ಬಿಡುವಾಗ ಮಳೆ ಹಿಡಿದು ಹತ್ತು ದಿನ ಕಳೆದಿತ್ತು. ಎರಡನೆಯ ವರ್ಷ ಮಳೆ ಹಿಡಿಯುವ ಮೊದಲೇ ಬಿಟ್ಟೆವು. ಉದುರಿದ ಕಾಯಿ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ತೋಟದ ತಗ್ಗಿನಲ್ಲಿದ್ದ ಎಂಟು ಮರಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನೀರು ನಿಲ್ಲುವುದು ಕಾರಣವೋ, ಗಾಳಿ ಆಡದಿರುವುದು ಕಾರಣವೋ ನನ್ನ ಪುಸ್ತಕದಿಂದ ಗೊತ್ತಾಗಲಿಲ್ಲ.
>
> ಅದಕ್ಕೆ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ ನೋಡುವ ವಿದ್ಯೆ ಬೇಕು, ಅದು ನನಗೆ ಗೊತ್ತಿಲ್ಲ. ನಿಮ್ಮ ಕೋರ್ಸಿನ ಎರಡನೆಯ ಸೆಮಿಸ್ಟರಿನಲ್ಲಿ ಆ ಲ್ಯಾಬ್ ಕೆಲಸ ಇದೆ. ಈ ವಿದ್ಯಾರ್ಥಿವೇತನ ಸಿಕ್ಕಿದರೆ ಹಾಸ್ಟೆಲಿನಲ್ಲಿದ್ದು ಪೂರ್ತಿ ಹೊತ್ತು ಓದಲು ಆಗುತ್ತದೆ. ಇಲ್ಲದಿದ್ದರೆ ಟ್ಯೂಷನ್ ಹೇಳಿಕೊಂಡು ಓದಬೇಕಾಗುತ್ತದೆ.
>
> ಆ ಎರಡು ವರ್ಷದ ಪುಸ್ತಕ ನನ್ನ ಬಳಿ ಇದೆ, ಕೇಳಿದರೆ ಕಳಿಸಿಕೊಡುತ್ತೇನೆ. ನಮಸ್ಕಾರ.

ಇದು 116 ಪದ. ಆತುರವಿಲ್ಲದೆ ಹೇಳಿದರೆ 80 ಸೆಕೆಂಡಿನ ಹತ್ತಿರ ಬರುತ್ತದೆ. ಸಮಯ ಎಲ್ಲಿ ಹೋಗಿದೆ ನೋಡಿ. ತನ್ನ ಪರಿಚಯಕ್ಕೆ ಸುಮಾರು ಹದಿಮೂರು ಸೆಕೆಂಡು, ಮಾಡಿದ ಒಂದೇ ಕೆಲಸಕ್ಕೆ ಅರ್ಧದಷ್ಟು, ಹಣ ಯಾಕೆ ಬೇಕು ಎಂಬುದಕ್ಕೆ ಎರಡು ವಾಕ್ಯ. ತನಗೆ ಗೊತ್ತಾಗದೆ ಉಳಿದದ್ದನ್ನು ಹೇಳಿದ ಜಾಗವೇ ಇದರ ಬೆನ್ನೆಲುಬು. ಎಂಟು ಮರಗಳ ಮಾತು ತೆಗೆದರೆ ಉಳಿಯುವುದು ‘ಮೊದಲೇ ಮದ್ದು ಬಿಟ್ಟರೆ ಒಳ್ಳೆಯದು’ ಎಂಬ, ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮುಂದೆ ಓದಬೇಕಾದ ಕಾರಣ ಆ ಎಂಟು ಮರಗಳಲ್ಲಿದೆ. ಒಂದು ಎಚ್ಚರಿಕೆ: ವಿಡಿಯೋದಲ್ಲಿ ಹೇಳಿದ ಪ್ರತಿಯೊಂದು ಲೆಕ್ಕವನ್ನೂ ಸಂದರ್ಶನದಲ್ಲಿ ಕೆದಕಿ ಕೇಳುತ್ತಾರೆ. ಪುಸ್ತಕ ಇಲ್ಲದಿದ್ದರೆ ಇದೆ ಎನ್ನಬೇಡಿ.

ಕೆಲಸದ ಅರ್ಜಿಗೂ ಇದೇ ಕ್ರಮ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವರು ‘ಮೂರು ವರ್ಷ ಅನುಭವ’ ಎನ್ನುವ ಬದಲು ವರ್ಷದ ಕೊನೆಗೆ ತಾಳೆಯಾಗದ ಒಂದು ಖಾತೆಯನ್ನು ಹೇಗೆ ಹುಡುಕಿ ಸರಿಮಾಡಿದೆ ಎಂದು ಹೇಳಬಹುದು. ಸಂಘದ ಹೆಸರು, ಸದಸ್ಯರ ಹೆಸರು ಬೇಡ.

ಉದಾಹರಣೆಯಲ್ಲಿ ‘ಕೇರಳದ’ ಎಂಬ ಪದ ಸುಮ್ಮನೆ ಬಂದದ್ದಲ್ಲ. ಕನ್ನಡ ಮಾತಾಡುವವರು, ಕನ್ನಡ ಮಾಧ್ಯಮದಲ್ಲಿ ಓದಿದವರು ಎಂದ ಕೂಡಲೇ ದೂರದಲ್ಲಿರುವವರು ಕರ್ನಾಟಕದವರೆಂದೇ ತಿಳಿಯುತ್ತಾರೆ. ವಾಸಸ್ಥಳದ ಸರ್ಟಿಫಿಕೇಟು ಕೇರಳದ್ದು, ಮಾತು ಮಾತ್ರ ಕರ್ನಾಟಕದಂತೆ ಎಂದು ಗೊಂದಲವಾಗಬಾರದು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯವರಿಗೂ ಇದೇ ಮಾತು.

ಬಾಯಿಪಾಠ ಬೇಡ, ಐದು ಪದ ಸಾಕು

ಬರೆದದ್ದನ್ನು ಅಕ್ಷರಕ್ಷರ ಕಂಠಪಾಠ ಮಾಡಿದರೆ ಒಂದು ಪದ ಮರೆತಲ್ಲಿ ಇಡೀ ಸರಪಳಿ ತುಂಡಾಗುತ್ತದೆ, ಕಣ್ಣು ಮೇಲಕ್ಕೆ ಹೋಗಿ ಹುಡುಕಲು ಶುರುಮಾಡುತ್ತದೆ. ಕಾಗದ ನೋಡಿ ಓದಿದರೆ ಕಣ್ಣಿನ ಗುಡ್ಡೆ ಎಡದಿಂದ ಬಲಕ್ಕೆ ಓಡಾಡುವುದು ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಬದಲು ನಾಲ್ಕಾರು ಸಲ ಗಟ್ಟಿಯಾಗಿ ಓದಿ, ಕಾಗದ ಮಗುಚಿ ಹಾಕಿ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಐದು ಪದ ಬರೆಯಿರಿ: ‘ಪೆರ್ಲ – ನಲವತ್ತು – ಎಂಟು – ಲ್ಯಾಬ್ – ಪುಸ್ತಕ’. ಅದನ್ನು ಫೋನಿನ ಲೆನ್ಸಿನ ಕೆಳಗೇ ಅಂಟಿಸಿ. ಪದಗಳು ಪ್ರತಿ ಸಲ ಸ್ವಲ್ಪ ಬದಲಾದರೆ ಆಗಲಿ, ಸಂಖ್ಯೆಗಳು ಬದಲಾಗದಿದ್ದರೆ ಸಾಕು.

ಬರೆಯುವಾಗ ‘ಮಾಡುತ್ತಿದ್ದೇನೆ’ ಎಂದು ಬರೆದರೂ ಹೇಳುವಾಗ ‘ಮಾಡ್ತಿದ್ದೇನೆ’ ಎಂದು ಬಂದರೆ ತಪ್ಪಿಲ್ಲ. ವಾರ್ತೆ ಓದುವವರ ಧಾಟಿ ಹಿಡಿದರೆ ಮಾತು ನಿಮ್ಮದೆನಿಸುವುದಿಲ್ಲ. ಊರಿನ ಉಚ್ಚಾರ ಇದ್ದರೆ ಇರಲಿ, ಅದನ್ನು ಮುಚ್ಚಲು ಹೋಗಿ ಮಂಗಳೂರು ಅರ್ಧ, ಬೆಂಗಳೂರು ಅರ್ಧ ಆಗುವುದು ಕೇಳಲು ಹೆಚ್ಚು ಕಷ್ಟ.

ಒಂದು ವಿಷಯಕ್ಕೆ ಮಾತ್ರ ನಿಜವಾಗಿ ಅಭ್ಯಾಸ ಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುವುದು. ಉಸಿರು ಮುಗಿಯುವುದೂ ಅದೇ ಜಾಗದಲ್ಲಿ. ‘ಎಂಟು ಮರಗಳಲ್ಲಿ ಏನೂ ವ್ಯತ್ಯಾಸ’ ಎಂಬಷ್ಟು ಗಟ್ಟಿಯಾಗಿ ಕೇಳಿ ‘ಕಾಣಲಿಲ್ಲ’ ಗಂಟಲಲ್ಲೇ ಉಳಿದರೆ ಕೇಳುವವರಿಗೆ ಅರ್ಥವೇ ಕೈಗೆ ಸಿಗುವುದಿಲ್ಲ. ಇದು ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ನಮ್ಮ ತಲೆ ಆ ಪದವನ್ನು ತುಂಬಿಕೊಂಡೇ ಕೇಳುತ್ತದೆ. ಪರೀಕ್ಷೆ ಸುಲಭ. ಸುಮ್ಮನೆ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಕಾಗದ ನೋಡದವರೊಬ್ಬರಿಗೆ ಕೇಳಿಸಿ, ಪ್ರತಿ ವಾಕ್ಯದ ಕೊನೆಯ ಪದ ಬರೆಯಲು ಹೇಳಿ. ಅವರು ಬಿಟ್ಟ ಪದಗಳ ವಾಕ್ಯಗಳನ್ನು ಎರಡಾಗಿ ಒಡೆಯಿರಿ. ಗಟ್ಟಿಯಾಗಿ ಹೇಳುವುದಕ್ಕಿಂತ ವಾಕ್ಯ ಗಿಡ್ಡ ಮಾಡುವುದೇ ಒಳ್ಳೆಯ ಮದ್ದು. ಹೆಸರು ಹೇಳಿದ ಮೇಲೂ ಒಂದು ಸಣ್ಣ ನಿಲುಗಡೆ ಇರಲಿ, ನಮ್ಮ ಹೆಸರು ಹೊಸಬರ ಕಿವಿಗೆ ಮೊದಲ ಸಲ ಬೀಳುತ್ತಿರುವುದು.

ಬೆಳಕು: ಅಂಗಳದ ಕಡೆಗೆ ಮುಖ

ಹಂಚಿನ ಮನೆಯ ಜಗಲಿ ಈ ಕೆಲಸಕ್ಕೆ ಹೇಳಿಮಾಡಿಸಿದ ಜಾಗ. ಮಾಡು ನೇರ ಬಿಸಿಲನ್ನು ತಡೆಯುತ್ತದೆ, ಅಂಗಳದಿಂದ ಹದವಾದ ಬೆಳಕು ಒಳಗೆ ಬರುತ್ತದೆ. ಆದರೆ ತೊಂಬತ್ತು ಪಾಲು ಜನ ಕೂರುವುದು ತಿರುಗಿ: ಹಿಂದೆ ಹಸಿರು ತೋಟ ಚೆನ್ನಾಗಿ ಕಾಣಲಿ ಎಂದು ಅಂಗಳಕ್ಕೆ ಬೆನ್ನು ಹಾಕುತ್ತಾರೆ. ಆಗ ಫೋನು ಹೊರಗಿನ ಬೆಳಕಿಗೆ ತಕ್ಕಂತೆ ಚಿತ್ರವನ್ನು ಕತ್ತಲು ಮಾಡಿ, ಮುಖ ಕಪ್ಪು ನೆರಳಾಗುತ್ತದೆ. ನೀವು ಗೋಡೆಗೆ ಬೆನ್ನು ಕೊಟ್ಟು ಅಂಗಳ ನೋಡುತ್ತಾ ಕೂರಿ. ಫೋನು ನಿಮಗೂ ಅಂಗಳಕ್ಕೂ ನಡುವೆ ಇರಲಿ. ಗೋಡೆಗೆ ತೀರಾ ಅಂಟಿಕೊಳ್ಳದೆ ಎರಡು ಮೂರು ಅಡಿ ಮುಂದೆ ಕೂತರೆ ಹಿಂದೆ ನೆರಳು ಬೀಳುವುದಿಲ್ಲ.

ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರ ನಂತರ ಒಳ್ಳೆಯ ಹೊತ್ತು. ಆದರೆ ನಿಮ್ಮ ಜಗಲಿ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳಬೇಕು. ಪೂರ್ವಕ್ಕಿದ್ದರೆ ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ ಬಿದ್ದು ಕಣ್ಣು ಕಿರಿದಾಗುತ್ತದೆ, ಸಂಜೆಯೇ ಸರಿ. ತೋಟದೊಳಗೆ ನಿಂತು ತೆಗೆಯುವುದು ಬೇಡ. ಅಡಿಕೆ ಸೋಗೆಯಿಂದ ಸೋಸಿ ಬರುವ ಬೆಳಕಿಗೆ ಮುಖ ಹಸಿರಾಗುತ್ತದೆ, ಗಾಳಿಗೆ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಓಡಾಡುತ್ತವೆ. ಗೋಡೆಗೆ ಗಾಢ ಹಸಿರೋ ಗುಲಾಬಿಯೋ ಬಣ್ಣ ಇದ್ದರೂ ಅದೇ ಕಥೆ, ಹತ್ತಿರ ಕೂತಷ್ಟೂ ಬಣ್ಣ ಕೆನ್ನೆಗೆ ಹಾಯುತ್ತದೆ. ಒಂದು ಬಿಳಿ ಪಂಚೆಯನ್ನು ಪಕ್ಕದ ಕುರ್ಚಿಗೆ ಹರಡಿದರೆ ಬೆಳಕು ಬೀಳದ ಕೆನ್ನೆಯೂ ಸ್ವಲ್ಪ ತಿಳಿಯಾಗುತ್ತದೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಚಪ್ಪರದೊಳಗೆ ಬೆಳಕೇನೋ ಸ್ಟುಡಿಯೋದಂತೆ ಸಿಗುತ್ತದೆ. ಸೆಖೆಗೆ ಎರಡನೇ ನಿಮಿಷದಲ್ಲಿ ಹಣೆ ಬೆವರುತ್ತದೆ, ಪ್ಲಾಸ್ಟಿಕ್ಕಿನ ಪಟಪಟ ಸದ್ದು ಬೇರೆ.

ಫೋನು ನಿಲ್ಲಿಸುವುದು

ಸ್ಟ್ಯಾಂಡ್ ಇಲ್ಲದಿದ್ದರೆ ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಅದರ ಮೇಲೆ ಅಕ್ಕಿ ತುಂಬಿದ ಚೊಂಬಿಗೆ ಫೋನನ್ನು ಒರಗಿಸಿ ರಬ್ಬರ್ ಬ್ಯಾಂಡ್ ಹಾಕಿ. ಖಾಲಿ ಲೋಟ ಜಾರುತ್ತದೆ. ಲೆನ್ಸು ನಿಮ್ಮ ಕಣ್ಣಿನ ಎತ್ತರಕ್ಕೇ ಬರಬೇಕು. ಕೆಳಗಿದ್ದರೆ ಮೂಗಿನ ಹೊಳ್ಳೆ, ಮಾಡಿನ ಪಕ್ಕಾಸು ಎರಡೂ ಕಾಣುತ್ತವೆ. ದೂರ ಒಂದು ಮೀಟರಿಗೆ ಸ್ವಲ್ಪ ಮೇಲಿರಲಿ. ತೋಳಳತೆಗಿಂತ ಹತ್ತಿರವಾದರೆ ಮೂಗು ದೊಡ್ಡದಾಗಿ ಮುಖದ ಆಕಾರವೇ ಕೆಡುತ್ತದೆ. ತಲೆಯಿಂದ ಎದೆಯವರೆಗೆ ಚಿತ್ರದಲ್ಲಿ ಬರಲಿ, ಕಣ್ಣು ಮೇಲಿನ ಮೂರನೇ ಒಂದು ಗೆರೆಯ ಹತ್ತಿರ ಇರಲಿ.

ಹಿಂದಿನ ಕ್ಯಾಮೆರಾ ಸಾಮಾನ್ಯವಾಗಿ ಚೊಕ್ಕ. ಒತ್ತಲು ತಮ್ಮನೋ ತಂಗಿಯೋ ಇದ್ದರೆ ಅದನ್ನೇ ಬಳಸಿ. ಮುಂದಿನ ಕ್ಯಾಮೆರಾದಲ್ಲಿ ನಮ್ಮ ಮುಖ ನಮಗೇ ಕಾಣುವುದರಿಂದ ಕಣ್ಣು ಸ್ಕ್ರೀನಿಗೆ ಜಾರುತ್ತದೆ, ನೋಡುವವರಿಗೆ ನೀವು ಅವರ ಗಲ್ಲ ನೋಡಿ ಮಾತಾಡಿದಂತೆ ಕಾಣುತ್ತದೆ. ಯಾವ ಕ್ಯಾಮೆರಾ ಆದರೂ ಲೆನ್ಸಿನ ಪಕ್ಕಕ್ಕೆ ಒಂದು ಸಣ್ಣ ಸ್ಟಿಕ್ಕರ್ ಬೊಟ್ಟು ಅಂಟಿಸಿಡಿ, ಲೆನ್ಸಿಗೆ ತಾಗದಂತೆ. ಕಣ್ಣಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ.

ರೆಕಾರ್ಡ್ ಒತ್ತುವ ಮೊದಲು ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಗುರುತು. ಇದನ್ನು ಮಾಡದಿದ್ದರೆ ಮೋಡ ಸರಿದಾಗಲೆಲ್ಲ, ನೀವು ಕೈ ಎತ್ತಿದಾಗಲೆಲ್ಲ ಚಿತ್ರ ಮಂಜಾಗಿ ಮತ್ತೆ ಸರಿಯಾಗುತ್ತಾ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಅತ್ತೆಯ ಫೋನು ಬರುವುದು ಆ ಎಪ್ಪತ್ತನೇ ಸೆಕೆಂಡಿನಲ್ಲೇ.

ಶಬ್ದ

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಚ್ಚಿಬಿಡುತ್ತಾರೆ. ಕೂತ ಜಾಗದಲ್ಲಿ ಹತ್ತು ಸೆಕೆಂಡು ಏನೂ ಮಾತಾಡದೆ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ. ನಮ್ಮ ಕಿವಿ ಒಗ್ಗಿಹೋಗಿ ಬಿಟ್ಟುಬಿಟ್ಟ ಸದ್ದುಗಳೆಲ್ಲ ಅದರಲ್ಲಿ ಸಿಗುತ್ತವೆ: ಫ್ಯಾನು, ಫ್ರಿಜ್ಜು, ತೋಟದ ಪಂಪು, ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವುದು. ಇವನ್ನೆಲ್ಲ ಎರಡು ನಿಮಿಷ ನಿಲ್ಲಿಸಲು ಹೇಳಬಹುದು. ಜೂನಿನಿಂದ ಸೆಪ್ಟೆಂಬರಿನ ತನಕ ಹಂಚಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಶೀಟಿನ ಮೇಲೆ ಬೀಳುವ ಮಳೆಗೆ ಮಾತ್ರ ಯಾರೂ ಏನೂ ಹೇಳುವ ಹಾಗಿಲ್ಲ. ಮಳೆಗಾಲದಲ್ಲಿ ಕೊನೆಯ ದಿನಾಂಕಕ್ಕೆ ನಾಲ್ಕೈದು ದಿನ ಮೊದಲೇ ಹೊಳವಾದ ಹೊತ್ತು ಹಿಡಿದು ಮುಗಿಸಿಡುವುದು ಒಂದೇ ದಾರಿ.

ಕೋಣೆಯೊಳಗೆ ಬಾವಿಯಲ್ಲಿ ಮಾತಾಡಿದಂತೆ ಕೇಳಿದರೆ ಕಾರಣ ಖಾಲಿ ಗೋಡೆ ಮತ್ತು ನೆಲ. ಹಾಸಿಗೆ, ಕಂಬಳಿ, ಬಟ್ಟೆ ನೇತುಹಾಕಿದ ಹಗ್ಗ ಇರುವ ಕೋಣೆಯಲ್ಲಿ ಅದೇ ಧ್ವನಿ ತಿಳಿಯಾಗುತ್ತದೆ. ಮೈಕ್ ಇರುವ ವಯರಿನ ಇಯರ್‌ಫೋನು ಇದ್ದರೆ ವಯರನ್ನು ಅಂಗಿಯೊಳಗಿಂದ ತಂದು ಮೈಕನ್ನು ಎದೆಯ ಮೇಲ್ಭಾಗದಲ್ಲಿ ಪಿನ್ನು ಹಾಕಿ ನಿಲ್ಲಿಸಬಹುದು, ಕೂದಲು, ಸರ, ಶಾಲು ತಾಗದ ಹಾಗೆ. ಆದರೆ ಎಲ್ಲ ಫೋನಿನ ಕ್ಯಾಮೆರಾವೂ ಆ ಮೈಕನ್ನು ತೆಗೆದುಕೊಳ್ಳುವುದಿಲ್ಲ. ರೆಕಾರ್ಡ್ ಮಾಡುತ್ತಾ ಒಮ್ಮೆ ಇಯರ್‌ಫೋನಿನ ಮೈಕಿಗೆ, ಒಮ್ಮೆ ಫೋನಿಗೆ ಉಗುರಿನಿಂದ ತಟ್ಟಿ. ಯಾವುದು ಟಕ್ ಎಂದು ಜೋರಾಗಿ ಕೇಳಿತೋ ಅದೇ ಕೆಲಸ ಮಾಡುತ್ತಿರುವ ಮೈಕು.

ರೆಕಾರ್ಡಿಂಗು

ಇಡೀ 85 ಸೆಕೆಂಡನ್ನು ಒಂದೇ ಉಸುರಿಗೆ ತೆಗೆಯಿರಿ, ತುಂಡು ತುಂಡು ಜೋಡಿಸಬೇಡಿ. ಜೋಡಿಸಿದಲ್ಲಿ ತಲೆ ಜಿಗಿಯುವುದು ಕಾಣುತ್ತದೆ, ಏನೋ ಮುಚ್ಚಿಟ್ಟಂತೆ ಆಗುತ್ತದೆ. ಒಂದು ಪದ ತಡವರಿಸಿದರೆ ನಿಲ್ಲಿಸದೆ ಸರಿಪಡಿಸಿಕೊಂಡು ಮುಂದೆ ಹೋಗಿ. ಸಾಮಾನ್ಯವಾಗಿ ಮೂರನೆಯದರಿಂದ ಐದನೆಯದರ ಒಳಗೆ ಒಳ್ಳೆಯದು ಬರುತ್ತದೆ. ಏಳೆಂಟು ದಾಟಿದರೆ ಮಾತು ಸರಿಯಿದ್ದರೂ ಮುಖ ಸೋತಿರುತ್ತದೆ, ಆ ದಿನಕ್ಕೆ ಬಿಟ್ಟು ಮರುದಿನ ಕೂರಿ. ಆಯ್ಕೆ ಮಾಡುವಾಗ ಒಮ್ಮೆ ಚಿತ್ರ ನೋಡದೆ ಕೇಳಿ, ಒಮ್ಮೆ ಶಬ್ದವಿಲ್ಲದೆ ನೋಡಿ.

ಫೈಲು ಕಳಿಸುವುದು

ಇಲ್ಲಿ ಕೆಡುವ ಅರ್ಜಿಗಳೇ ಹೆಚ್ಚು. 1080p, 30 ಫ್ರೇಮಿನಲ್ಲಿ ತೆಗೆದ ಒಂದೂವರೆ ನಿಮಿಷ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ 150ರಿಂದ 200 ಎಂಬಿ ಆಗುತ್ತದೆ. ಪೋರ್ಟಲು 50 ಎಂಬಿ ಎಂದರೆ ಸೆಕೆಂಡಿಗೆ ಅರ್ಧ ಎಂಬಿಯ ಲೆಕ್ಕ. ಅದನ್ನು ಚಿಕ್ಕದು ಮಾಡಲೆಂದು ವಾಟ್ಸಾಪಿನಲ್ಲಿ ತನಗೆ ತಾನೇ ವಿಡಿಯೋ ಆಗಿ ಕಳಿಸಿಕೊಂಡು ಮತ್ತೆ ಇಳಿಸಿಕೊಳ್ಳುವವರಿದ್ದಾರೆ. ಫೈಲು ಚಿಕ್ಕದಾಗುತ್ತದೆ, ಎಷ್ಟು ಚಿಕ್ಕದು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ, ಮುಖ ಮಸುಕಾಗುತ್ತದೆ. ಫೋನಿನಿಂದ ಕಂಪ್ಯೂಟರಿಗೆ ಕೇಬಲಿನಲ್ಲಿ ತೆಗೆದುಕೊಳ್ಳಿ. ವಾಟ್ಸಾಪೇ ಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ, ಆಗ ಇದ್ದದ್ದು ಇದ್ದ ಹಾಗೇ ಬರುತ್ತದೆ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ HandBrake ಹಾಕಿ, Fast 720p30 ಎಂಬ ಆಯ್ಕೆ ಒತ್ತಿದರೆ ಕೂತು ಮಾತಾಡುವ ಇಂಥ ವಿಡಿಯೋ ಸಾಮಾನ್ಯವಾಗಿ 50 ಎಂಬಿಯೊಳಗೆ ಬರುತ್ತದೆ, ಮುಖವೂ ಕೆಡುವುದಿಲ್ಲ.

ಐಫೋನಿನವರು ತೆಗೆಯುವ ಮೊದಲೇ Settings → Camera → Formats ಒಳಗೆ Most Compatible ಆರಿಸಿಕೊಳ್ಳಿ. ಇಲ್ಲದಿದ್ದರೆ ಕೆಲವು ಕಂಪ್ಯೂಟರುಗಳಲ್ಲಿ ಶಬ್ದ ಮಾತ್ರ ಕೇಳಿ ಚಿತ್ರ ಕಾಣದೆ ಹೋಗಬಹುದು.

ಲಿಂಕ್ ಕೊಡುವುದಾದರೆ ಯೂಟ್ಯೂಬಿನಲ್ಲಿ Unlisted ಆರಿಸಬೇಕು, Private ಅಲ್ಲ. ಗೂಗಲ್ ಡ್ರೈವಿನಲ್ಲಾದರೆ Anyone with the link. ಈ ಎರಡರಲ್ಲಿ ಎಡವಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರ ಫೋನಿನಲ್ಲಿ ಅವರದೇ ಖಾತೆ ತೆರೆದಿರುವುದರಿಂದ ವಿಡಿಯೋ ಚೆನ್ನಾಗಿಯೇ ಓಡುತ್ತದೆ. ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ, ಅಥವಾ ನಿಮ್ಮ ಖಾತೆ ಇಲ್ಲದ ಅಪ್ಪನ ಫೋನಿಗೆ ಕಳಿಸಿ, ಮೊದಲಿನಿಂದ ‘ಕಳಿಸಿಕೊಡುತ್ತೇನೆ, ನಮಸ್ಕಾರ’ ಎಂಬ ಕೊನೆಯ ಪದದ ತನಕ ಓಡಿಸಿ. ಗುಡ್ಡದ ಕಡೆ ನೆಟ್‌ವರ್ಕು ಅರ್ಧದಲ್ಲಿ ಬಿಟ್ಟುಹೋದರೆ ಫೈಲು ಪೂರ್ತಿ ಮೇಲೆ ಹೋಗದೆ ಉಳಿಯುವುದೂ ಉಂಟು.